ಕಾಫಿ ತೋಟದಲ್ಲಿ ಕಾಫಿ ಇಲ್ಲದ ಮೂರು ದಿನ

ಸಕಲೇಶಪುರದ ಕಡೆ ಕಾಫಿ ತೋಟದ ನಡುವೆ ಯೋಗ ಶಿಬಿರ ನಡೆಸುವ ಒಬ್ಬರು ಜಾಹೀರಾತು ಬರೆದುಕೊಡಿ ಎಂದು ಬಂದಿದ್ದರು. ಅವರೇ ಒಂದು ಕರಡು ತಂದಿದ್ದರು: 'ಐಟಿ ಒತ್ತಡಕ್ಕೆ ಮೂರೇ ದಿನದಲ್ಲಿ ಮುಕ್ತಿ. ಸಂಪೂರ್ಣ ಡಿಟಾಕ್ಸ್. ಬಿಪಿ, ಶುಗರ್, ಬೊಜ್ಜು ಮಾಯ. ಮೊಬೈಲ್ ಇಲ್ಲ, ಕಾಫಿ ಇಲ್ಲ.' ಕಾಫಿ ತೋಟದಲ್ಲಿ ಕಾಫಿ ಇಲ್ಲ ಎಂಬ ಸಾಲು ಓದಿ ನಗು ಬಂತು. ಆದರೆ ಆ ಕರಡಿನಲ್ಲಿ ನಿಜಕ್ಕೂ ತೊಂದರೆ ಕೊಡುವ ಸಾಲೂ ಅದೇ ಆಗಿತ್ತು.

ಸಾಫ್ಟ್‌ವೇರ್ ಕೆಲಸದವರಲ್ಲಿ ದಿನಕ್ಕೆ ನಾಲ್ಕೈದು ಲೋಟ ಕಾಫಿ ಕುಡಿಯುವವರು ಬಹಳ. ಅಭ್ಯಾಸವಾದ ಕೆಫೀನನ್ನು ಒಮ್ಮೆಲೇ ನಿಲ್ಲಿಸಿದರೆ ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆಯೊಳಗೆ ತಲೆನೋವು ಶುರುವಾಗುತ್ತದೆ. ಒಂದೆರಡು ದಿನದಲ್ಲಿ ಅದು ಏರಿ, ಪೂರ್ತಿ ಇಳಿಯಲು ಕೆಲವರಿಗೆ ಒಂದು ವಾರವೂ ಬೇಕು. ಜೊತೆಗೆ ಸಿಡುಕು, ತೂಕಡಿಕೆ. ಈಗ ಶಿಬಿರದ ವೇಳೆಗೆ ಇದನ್ನು ಹೊಂದಿಸಿ ನೋಡಿ. ಶುಕ್ರವಾರ ಸಂಜೆ ಆಫೀಸಿನಲ್ಲಿ ಕೊನೆಯ ಕಾಫಿ. ಶನಿವಾರ ಮಧ್ಯಾಹ್ನ ತಲೆ ಸಿಡಿಯತೊಡಗುತ್ತದೆ. ಭಾನುವಾರ, ಮನೆಗೆ ಹೊರಡುವ ದಿನ, ನೋವು ತುತ್ತತುದಿಯಲ್ಲಿರುತ್ತದೆ. ಆಗ ಶಿಬಿರದವರು ಹೇಳುವ ಮಾತು ಒಂದೇ: 'ಮೈಯೊಳಗಿನ ವಿಷ ಹೊರಗೆ ಬರ್ತಾ ಇದೆ ಸಾರ್, ಒಳ್ಳೇದೇ.' ವಿಷವೂ ಇಲ್ಲ, ಏನೂ ಇಲ್ಲ. ಮೈಗೆ ಬೇಡದ್ದನ್ನು ಯಕೃತ್ತು, ಮೂತ್ರಪಿಂಡಗಳು ಯಾವ ಪ್ಯಾಕೇಜೂ ಇಲ್ಲದೆ ದಿನವೂ ಹೊರಹಾಕುತ್ತಲೇ ಇರುತ್ತವೆ. ಆ ಮನುಷ್ಯನಿಗೆ ಬೇಕಾಗಿದ್ದುದು ಅರ್ಧ ಲೋಟ ಕಾಫಿ, ಅಷ್ಟೇ.

ಹಾಗಾಗಿ ನಾನು ಆ ಸಾಲನ್ನು ತಿರುಗಿಸಿ ಬರೆದೆ: 'ಬೆಳಗಿನ ಅಭ್ಯಾಸ ಮುಗಿದ ಮೇಲೆ ನಮ್ಮ ತೋಟದ್ದೇ ಒಂದು ಲೋಟ ಕಾಫಿ. ಪೂರ್ತಿ ಬಿಡಬೇಕೆನ್ನುವವರು ಶಿಬಿರಕ್ಕೆ ಹತ್ತು ದಿನ ಮೊದಲಿನಿಂದಲೇ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿಕೊಂಡು ಬನ್ನಿ.'

ಬಿಪಿ, ಶುಗರ್, ಬೊಜ್ಜಿನ ಸಾಲನ್ನು ಪೂರ್ತಿ ಹೊಡೆದುಹಾಕಿದೆ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಜಾಹೀರಾತಿನ ಮೇಲೆ 1954ರ ಕಾಯ್ದೆಯೊಂದಿದೆ. ಔಷಧದಿಂದ ವಾಸಿಮಾಡುತ್ತೇವೆಂದು ಜಾಹೀರಾತು ಕೊಡಬಾರದ ರೋಗಗಳ ಪಟ್ಟಿಯಲ್ಲಿ ಈ ಮೂರೂ ಇವೆ. 'ನಾವು ಔಷಧ ಕೊಡಲ್ಲ, ಆಸನ ಮಾಡಿಸ್ತೀವಿ' ಎಂದರು ಮಾಲೀಕರು. ಸರಿಯೇ. ಆದರೆ ಅದೇ ಕರಡಿನ ಕೆಳಗಡೆ 'ವಿಶೇಷ ಗಿಡಮೂಲಿಕೆ ಕಷಾಯ' ಎಂದೂ ಇತ್ತು. ಅಲ್ಲದೆ 2019ರ ಗ್ರಾಹಕ ರಕ್ಷಣಾ ಕಾಯ್ದೆಗೆ ಔಷಧವೇ ಆಗಬೇಕೆಂದಿಲ್ಲ, ಸೇವೆಯ ಬಗ್ಗೆ ಸುಳ್ಳು ಭರವಸೆ ಕೊಟ್ಟರೂ ಅದು ಅನ್ವಯಿಸುತ್ತದೆ.

'ಐಟಿ ಒತ್ತಡಕ್ಕೆ ಮುಕ್ತಿ' ಎಂಬುದನ್ನು ಬಿಡಿಸಿ ಹೇಳುವುದು ಕಷ್ಟವಾಯಿತು. ದುಡಿದು ಬಸವಳಿಯುವ ಬರ್ನ್‌ಔಟನ್ನು ವಿಶ್ವ ಆರೋಗ್ಯ ಸಂಸ್ಥೆ ರೋಗವೆಂದು ಕರೆದಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದಿದೆ. ಕಾರಣ ಆಫೀಸಿನಲ್ಲಿದೆ: ಅಮೆರಿಕದ ಕ್ಲೈಂಟಿಗಾಗಿ ರಾತ್ರಿ ಹತ್ತರ ಕಾಲ್, ವಾರಗಟ್ಟಲೆ ಬರುವ ಆನ್-ಕಾಲ್ ಪಾಳಿ. ಸೋಮವಾರ ಅದೆಲ್ಲ ಅಲ್ಲೇ ಇರುತ್ತದೆ. ರಜೆ ಕೊಟ್ಟ ಹಗುರ ಕೆಲಸಕ್ಕೆ ಮರಳಿದ ಕೆಲವೇ ವಾರಗಳಲ್ಲಿ ಕರಗಿಹೋಗುವುದನ್ನು ಅಧ್ಯಯನಗಳೂ ಕಂಡಿವೆ. ಹಾಗೆಂದು ಶಿಬಿರ ದಂಡವೇನಲ್ಲ. ನಿಮಿಷಕ್ಕೆ ಆರರಷ್ಟು ನಿಧಾನವಾಗಿ ಉಸಿರಾಡುವುದನ್ನು ಸರಿಯಾಗಿ ಕಲಿತರೆ ಎದೆಬಡಿತ ಉಸಿರಿನ ಜೊತೆ ಹೊಂದಿಕೊಂಡು ಮೈ ಸಡಿಲವಾಗುತ್ತದೆ. ಆಫೀಸಿನ ಕುರ್ಚಿಯಲ್ಲೇ ಹತ್ತು ನಿಮಿಷ ಮಾಡಬಹುದು. ಜಾಹೀರಾತಿನಲ್ಲಿ ಅದನ್ನೇ ಮುಂದಿಟ್ಟೆ: 'ಮನೆಗೆ ಒಯ್ಯಬಹುದಾದ ಎರಡು ಅಭ್ಯಾಸ ಕಲಿಸುತ್ತೇವೆ.'

ವೇಳಾಪಟ್ಟಿಯಲ್ಲೂ ಒಂದು ಎಡವಟ್ಟಿತ್ತು. ಬೆಂಗಳೂರಿಂದ ಸಕಲೇಶಪುರ ಸುಮಾರು 220 ಕಿಲೋಮೀಟರ್. ಶುಕ್ರವಾರ ಕೆಲಸ ಮುಗಿಸಿ, ನೆಲಮಂಗಲದ ಟ್ರಾಫಿಕ್ ದಾಟಿ ತೋಟ ತಲುಪುವಾಗ ನಡುರಾತ್ರಿ. ಮರುದಿನ 5.30ಕ್ಕೆ ಸೂರ್ಯನಮಸ್ಕಾರ! ನಿದ್ದೆಗೆಟ್ಟು ಬಂದವರ ನಿದ್ದೆಯನ್ನು ಇನ್ನಷ್ಟು ಕಸಿಯುವ ಶಿಬಿರ. ಮೊದಲ ದಿನ ಎಂಟಕ್ಕೆ ಶುರು ಮಾಡಿ ಎಂದೆ. ಒಪ್ಪಿದರು.

ಕೊನೆಗೆ ನಾನು ಸೇರಿಸಿದ ಸಾಲು ಅವರಿಗೆ ಇಷ್ಟವಾಗಲಿಲ್ಲ: 'ರಕ್ತದೊತ್ತಡ, ಗ್ಲಾಕೋಮ, ಹರ್ನಿಯಾ ಇದ್ದರೆ ಅಥವಾ ಗರ್ಭಿಣಿಯಾಗಿದ್ದರೆ ಬುಕ್ ಮಾಡುವಾಗಲೇ ತಿಳಿಸಿ.' ಜನ ಹೆದರುತ್ತಾರೆ ಎಂದರು. ಗ್ಲಾಕೋಮ ಇದ್ದವರು ಶೀರ್ಷಾಸನ ಹಾಕಿದರೆ ಕಣ್ಣಿನೊಳಗಿನ ಒತ್ತಡ ಏರುತ್ತದೆ, ಬಿಪಿ ಹೆಚ್ಚಿರುವವರಿಗೆ, ಹರ್ನಿಯಾ ಇರುವವರಿಗೆ ಕಪಾಲಭಾತಿ ಬೇಡ ಎಂದು ಯೋಗಶಿಕ್ಷಕರೇ ಹೇಳುತ್ತಾರೆ. ಯಾವ ಶಿಬಿರಕ್ಕಾದರೂ ದುಡ್ಡು ಕಟ್ಟುವ ಮುನ್ನ ನೋಡಿ, ಅವರು ನಿಮ್ಮ ಆರೋಗ್ಯದ ಬಗ್ಗೆ ಒಂದು ಪ್ರಶ್ನೆಯನ್ನಾದರೂ ಕೇಳಿದರೇ ಎಂದು.

ಆ ಸಾಲು ಉಳಿಯಿತು, ಸಣ್ಣ ಅಕ್ಷರದಲ್ಲಿ. ತೋಟದ ಕಾಫಿಯೂ ಉಳಿಯಿತು. ಆದರೆ ಅಚ್ಚಾಗಿ ಬಂದಾಗ ತಲೆಬರಹದಲ್ಲಿ 'ಡಿಟಾಕ್ಸ್' ಹಾಗೇ ಇತ್ತು.