ಕಂಪನಿಯ ಬೆಲೆಯಲ್ಲಿ ಮುಕ್ಕಾಲು ಪಾಲು ಎಲ್ಲಿಂದ ಬರುತ್ತದೆ?

ಹಾಸನದ ಕಡೆ ಒಂದು ಕಾಫಿಪುಡಿ ಕಂಪನಿ ಮಾರಾಟಕ್ಕಿದೆ ಎಂದುಕೊಳ್ಳೋಣ. ಷೇರುಪೇಟೆಯಲ್ಲಿ ಅದರ ಹೆಸರಿಲ್ಲ, ಹಾಗಾಗಿ ಪೇಟೆ ಅದಕ್ಕೆ ಬೆಲೆ ಕಟ್ಟಿಲ್ಲ. ಕೊಳ್ಳುವವರು ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಹೋಗುತ್ತಾರೆ. ಕೆಲವು ವಾರಗಳಲ್ಲಿ ವರದಿ ಬರುತ್ತದೆ: ಕಂಪನಿಯ ಎಂಟರ್‌ಪ್ರೈಸ್ ವ್ಯಾಲ್ಯೂ, ಅಂದರೆ ಇಡೀ ಉದ್ಯಮದ ಮೌಲ್ಯ, 161.6 ಕೋಟಿ ರೂಪಾಯಿ. ಅಂಕಿಗಳು ನಾನೇ ಕಟ್ಟಿದವು. ಆದರೆ ಲೆಕ್ಕದ ದಾರಿ ನಿಜವಾದ ವರದಿಗಳಲ್ಲಿ ಇರುವುದೇ.

ಲೆಕ್ಕ ಶುರುವಾಗುವುದು ಲಾಭದಿಂದ. ಆದರೆ ಬೇಕಾಗಿರುವುದು ಲಾಭವಲ್ಲ, ಕೈಗೆ ಉಳಿಯುವ ನಗದು. ಮೊದಲ ವರ್ಷ ಬಡ್ಡಿ ಕಳೆಯುವ ಮುಂಚಿನ ಲಾಭ 16 ಕೋಟಿ. ಶೇ 25ರಂತೆ ತೆರಿಗೆ 4 ಕೋಟಿ ಹೋದರೆ 12 ಉಳಿಯಿತು. ಸವಕಳಿ ಎಂದು ಪುಸ್ತಕದಲ್ಲಿ ಕಳೆದ 3 ಕೋಟಿ ನಿಜಕ್ಕೂ ಯಾರ ಕೈಗೂ ಹೋಗಿಲ್ಲ, ಅದನ್ನು ಮತ್ತೆ ಕೂಡಬೇಕು. ಹೊಸ ಹುರಿಯುವ ಯಂತ್ರಕ್ಕೆ 4 ಕೋಟಿ, ಹೆಚ್ಚುವರಿ ಬೀಜದ ದಾಸ್ತಾನು ಮತ್ತು ಅಂಗಡಿಗಳಿಗೆ ಕೊಟ್ಟ ಉದ್ದರಿಗೆ 1 ಕೋಟಿ ಹೋಗುತ್ತದೆ. ಕೊನೆಗೆ ಉಳಿದ 10 ಕೋಟಿಯೇ ಮುಕ್ತ ನಗದು. ಬ್ಯಾಂಕಿನ ಬಡ್ಡಿಯನ್ನು ಇಲ್ಲಿ ಕಳೆಯುವುದಿಲ್ಲ. ಈ ದುಡ್ಡಿನ ಮೇಲೆ ಬ್ಯಾಂಕಿಗೂ ಹಕ್ಕಿದೆ, ಷೇರುದಾರರಿಗೂ ಹಕ್ಕಿದೆ. ನಾವು ಅಳೆಯುತ್ತಿರುವುದು ಇಬ್ಬರದ್ದನ್ನೂ ಸೇರಿಸಿ.

ಮುಂದಿನ ವರ್ಷಗಳಲ್ಲಿ ಈ ನಗದು 11, 12, 13, ಐದನೇ ವರ್ಷಕ್ಕೆ 14 ಕೋಟಿ ಆಗುತ್ತದೆಂದು ವರದಿ ಅಂದಾಜು ಮಾಡಿದೆ. ಮುಂದೆ ಬರುವ ರೂಪಾಯಿಗೆ ಇವತ್ತು ಅಷ್ಟೇ ಬೆಲೆ ಕೊಡಲಾಗದು. ಷೇರುದಾರರು ಈ ಅಪಾಯಕ್ಕೆ ಶೇ 14 ಪ್ರತಿಫಲ ಬಯಸುತ್ತಾರೆ. ಬ್ಯಾಂಕಿನ ಬಡ್ಡಿ ಶೇ 8. ಬಡ್ಡಿಯಿಂದ ತೆರಿಗೆ ಉಳಿಯುವುದರಿಂದ ಕಂಪನಿಗೆ ತಗಲುವುದು ಶೇ 6. ಬಂಡವಾಳದಲ್ಲಿ ಮುಕ್ಕಾಲು ಷೇರುದಾರರದ್ದು, ಕಾಲು ಭಾಗ ಸಾಲ. ಎರಡರ ಸರಾಸರಿ ಶೇ 12. ಈ ದರದಲ್ಲಿ ಕಡಿತ ಮಾಡಿದರೆ ಐದನೇ ವರ್ಷದ 14 ಕೋಟಿ ಇವತ್ತಿಗೆ 7.94 ಕೋಟಿ ಮಾತ್ರ. ಐದೂ ವರ್ಷದ್ದನ್ನು ಹೀಗೆ ಇವತ್ತಿಗೆ ತಂದು ಕೂಡಿದರೆ 42.4 ಕೋಟಿ.

161.6ಕ್ಕೆ ಇನ್ನೂ 119 ಕೋಟಿ ಬಾಕಿ ಉಳಿಯಿತಲ್ಲ, ಅದು ಬರುವುದು ಆರನೇ ವರ್ಷದಿಂದಾಚೆಗೆ.

ಕಂಪನಿ ಐದು ವರ್ಷಕ್ಕೆ ಬಾಗಿಲು ಮುಚ್ಚುವುದಿಲ್ಲ. ಹಾಗೆಂದು ಐವತ್ತು ವರ್ಷದ ಅಂದಾಜನ್ನು ಸಾಲು ಸಾಲಾಗಿ ಬರೆಯುವುದೂ ಆಗದ ಮಾತು. ಅದಕ್ಕಾಗಿ ಒಂದೇ ಊಹೆ ಮಾಡಿಕೊಳ್ಳುತ್ತಾರೆ: ಆರನೇ ವರ್ಷದಿಂದ ನಗದು ಒಂದೇ ದರದಲ್ಲಿ, ಕೊನೆಯಿಲ್ಲದೆ ಬೆಳೆಯುತ್ತದೆ. ಆಗ ಆ ಅನಂತ ಸರಣಿಯ ಮೊತ್ತ ಒಂದು ಭಾಗಾಕಾರಕ್ಕೆ ಇಳಿಯುತ್ತದೆ. ಆರನೇ ವರ್ಷದ ನಗದನ್ನು, ಕಡಿತದ ದರದಲ್ಲಿ ಬೆಳವಣಿಗೆ ದರ ಕಳೆದು ಉಳಿದದ್ದರಿಂದ ಭಾಗಿಸಿದರೆ ಆಯಿತು. 1956ರಲ್ಲಿ ಎಲಿ ಶಪೀರೊ ಜೊತೆ ಲೇಖನ ಬರೆದ ಮೈರನ್ ಗಾರ್ಡನ್ ಹೆಸರು ಈ ಸೂತ್ರಕ್ಕೆ ಅಂಟಿಕೊಂಡಿದೆ. ಆದರೆ ಇದರ ಮೂಲ ವಿಚಾರವನ್ನು ಜಾನ್ ಬರ್ ವಿಲಿಯಮ್ಸ್ 1938ರಲ್ಲೇ ಮಂಡಿಸಿದ್ದರು. ಇಬ್ಬರೂ ಮಾತಾಡಿದ್ದು ಡಿವಿಡೆಂಡ್ ಬಗ್ಗೆ. ಅದೇ ಗಣಿತವನ್ನು ಇಲ್ಲಿ ಮುಕ್ತ ನಗದಿಗೆ ಹಚ್ಚುತ್ತೇವೆ.

ನಮ್ಮ ವರದಿಯಲ್ಲಿ ಶಾಶ್ವತ ಬೆಳವಣಿಗೆ ಶೇ 5. ಆರನೇ ವರ್ಷದ ನಗದು 14.7 ಕೋಟಿ. 12ರಲ್ಲಿ 5 ಹೋದರೆ 7, 14.7 ಭಾಗ 0.07 ಅಂದರೆ 210 ಕೋಟಿ. ಇದೇ ಟರ್ಮಿನಲ್ ವ್ಯಾಲ್ಯೂ. ಇದು ಐದನೇ ವರ್ಷದ ಕೊನೆಯ ದಿನದ ಮೌಲ್ಯ, ಆದ್ದರಿಂದ ಐದು ವರ್ಷದ ಕಡಿತ ಮಾಡಬೇಕು: 119.2 ಕೋಟಿ. ಆರನೇ ವರ್ಷದ ನಗದು ಬಳಸಿದೆವಲ್ಲ ಎಂದು ಆರು ವರ್ಷ ಕಡಿತ ಮಾಡುವವರಿದ್ದಾರೆ; ಆ ಒಂದು ತಪ್ಪಿಗೆ ಸುಮಾರು 13 ಕೋಟಿ ಮಾಯವಾಗುತ್ತದೆ.

ಅಂತೂ ಬೆಲೆಯ ಮುಕ್ಕಾಲು ಪಾಲು ನಿಂತಿರುವುದು ಆ ಶೇ 5ರ ಮೇಲೆ. ಅದನ್ನು 6 ಮಾಡಿ, ಉದ್ಯಮದ ಮೌಲ್ಯ 183 ಕೋಟಿ. 7 ಮಾಡಿ, 212 ಕೋಟಿ. ಕಾರ್ಖಾನೆಯಲ್ಲಿ ಒಂದು ಕಾಳೂ ಹೆಚ್ಚು ಹುರಿಯಲಿಲ್ಲ, 50 ಕೋಟಿ ಏರಿತು. 12ಕ್ಕೂ ಬೆಳವಣಿಗೆ ದರಕ್ಕೂ ಅಂತರ ಕಿರಿದಾದಷ್ಟೂ ಈ ಜಿಗಿತ ದೊಡ್ಡದು. ಎರಡೂ ಸಮನಾದರೆ ಸೂತ್ರವೇ ಮುರಿದು ಬೀಳುತ್ತದೆ.

ಹಾಗಾದರೆ ಎಷ್ಟಕ್ಕೆ ನಿಲ್ಲಿಸಬೇಕು? ಯಾವ ಕಂಪನಿಯೂ ದೇಶದ ಆರ್ಥಿಕತೆಗಿಂತ ವೇಗವಾಗಿ ಸದಾಕಾಲ ಬೆಳೆಯಲಾರದು, ಬೆಳೆದರೆ ಒಂದು ದಿನ ಅದೇ ಆರ್ಥಿಕತೆಯನ್ನು ನುಂಗಬೇಕಾಗುತ್ತದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಅಸ್ವಥ್ ದಾಮೋದರನ್ ಇನ್ನೂ ಸರಳವಾದ ಮಿತಿ ಹಾಕುತ್ತಾರೆ: ಅಪಾಯರಹಿತ ಬಡ್ಡಿದರವನ್ನು ಶಾಶ್ವತ ಬೆಳವಣಿಗೆ ದಾಟಬಾರದು. ಈ ದರಗಳಲ್ಲಿ ಹಣದುಬ್ಬರವೂ ಸೇರಿದೆ ಎಂಬುದನ್ನು ಮರೆಯಬಾರದು. ರಿಸರ್ವ್ ಬ್ಯಾಂಕಿನ ಹಣದುಬ್ಬರದ ಗುರಿ ಶೇ 4. ಶೇ 5 ಎಂದರೆ ಬೆಲೆಯೇರಿಕೆ ಕಳೆದು ಸುಮಾರು ಶೇ 1ರ ನಿಜ ಬೆಳವಣಿಗೆ, ಅಷ್ಟೆ. ಅತಿಯಾಸೆಯೇನಲ್ಲ.

ಆದರೂ ನಮ್ಮ ವರದಿಯಲ್ಲಿ ತೊಡಕಿದೆ, ಮತ್ತು ನನ್ನ ಪ್ರಕಾರ ಇಡೀ ಲೆಕ್ಕದಲ್ಲಿ ನೋಡಬೇಕಾದ ಜಾಗ ಅದೇ. ಬೆಳವಣಿಗೆ ಬಿಟ್ಟಿ ಬರುವುದಿಲ್ಲ. ಮೊದಲ ವರ್ಷ 12 ಕೋಟಿ ಗಳಿಸಿ, ಯಂತ್ರ, ದಾಸ್ತಾನು, ಉದ್ದರಿಯ 5 ಕೋಟಿಯಲ್ಲಿ ಸವಕಳಿಯ 3 ಕೋಟಿ ಕಳೆದರೆ, ಕಂಪನಿ ನಿಜಕ್ಕೂ ಹೊಸದಾಗಿ ತೊಡಗಿಸಿದ್ದು 2 ಕೋಟಿ. ಅಂದರೆ ಗಳಿಕೆಯ ಆರನೇ ಒಂದು ಭಾಗ. ಇದೇ ಪ್ರಮಾಣ ಮುಂದುವರಿಯುತ್ತದೆಂದು ವರದಿ ಹಿಡಿದಿದೆ: ಆರನೇ ವರ್ಷದ ಗಳಿಕೆ 17.64 ಕೋಟಿ, ಮರುಹೂಡಿಕೆ 2.94, ಉಳಿದದ್ದು 14.7. ಆರರಲ್ಲಿ ಒಂದು ಭಾಗ ಹೂಡಿ ವರ್ಷಕ್ಕೆ ಶೇ 5 ಬೆಳೆಯಬೇಕಾದರೆ ಹೂಡಿದ ಪ್ರತಿ ರೂಪಾಯಿ ತೆರಿಗೆ ಕಳೆದು 30 ಪೈಸೆ ದುಡಿಯಬೇಕು. ಅದೂ ಎಂದೆಂದಿಗೂ. ಪೈಪೋಟಿಯ ಕಾಫಿಪುಡಿ ವ್ಯಾಪಾರದಲ್ಲಿ ಇದನ್ನು ನಂಬುವುದು ಕಷ್ಟ.

ಹೊಸ ಹೂಡಿಕೆಗೆ ಶೇ 15 ಗಳಿಕೆ ಎಂದಿಟ್ಟುಕೊಳ್ಳಿ. ಆಗ ಶೇ 5 ಬೆಳೆಯಲು ಗಳಿಕೆಯ ಮೂರನೇ ಒಂದು ಭಾಗ ವ್ಯಾಪಾರಕ್ಕೇ ಮರಳಬೇಕು. ಆರನೇ ವರ್ಷದ ನಗದು 14.7ರಿಂದ 11.76 ಕೋಟಿಗೆ ಇಳಿಯುತ್ತದೆ, ಟರ್ಮಿನಲ್ ವ್ಯಾಲ್ಯೂ 168 ಕೋಟಿಗೆ, ಉದ್ಯಮದ ಮೌಲ್ಯ 137.8 ಕೋಟಿಗೆ. ಹೊಸ ಹೂಡಿಕೆಯ ಗಳಿಕೆ ಬಂಡವಾಳದ ವೆಚ್ಚದಷ್ಟೇ, ಅಂದರೆ ಶೇ 12 ಆದರೆ ಇನ್ನೂ ಸ್ವಾರಸ್ಯ. ಆರನೇ ವರ್ಷದ ಅದೇ 17.64 ಕೋಟಿ ಗಳಿಕೆಯಿಂದ ಹೊರಟು ಮುಂದಿನ ಬೆಳವಣಿಗೆ 5 ಹಾಕಿ, 6 ಹಾಕಿ, ಸೊನ್ನೆಯನ್ನೇ ಹಾಕಿ. ಟರ್ಮಿನಲ್ ವ್ಯಾಲ್ಯೂ 147 ಕೋಟಿಯಿಂದ ಕದಲುವುದಿಲ್ಲ. ಬೆಳೆದು ಬಂದದ್ದೆಲ್ಲ ಬೆಳೆಯಲು ಮಾಡಿದ ಖರ್ಚಿಗೇ ಸರಿಹೋಗುತ್ತದೆ.

ಆದ್ದರಿಂದ ಇಂಥ ವರದಿ ಕೈಗೆ ಬಂದರೆ ಬೆಳವಣಿಗೆ ದರ ನೋಡಿದ ಕೂಡಲೇ ಕೊನೆಯ ವರ್ಷದ ಸವಕಳಿಯನ್ನೂ ಯಂತ್ರದ ಖರ್ಚನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಎರಡೂ ಸಮ ಎಂದು ಬರೆದು, ದಾಸ್ತಾನಿಗೂ ಏನೂ ಇಡದೆ, ಬೆಳವಣಿಗೆ ಶೇ 6 ಎಂದಿದ್ದರೆ ಆ ಲೆಕ್ಕ ಹೂಡಿಕೆಯಿಲ್ಲದೆ ಬೆಳೆ ತೆಗೆಯುತ್ತಿದೆ.

ಷೇರುದಾರರ ಪಾಲು ತಿಳಿಯಲು ಈ ಮೌಲ್ಯದಲ್ಲಿ ಸಾಲ ಕಳೆದು, ಕೈಯಲ್ಲಿರುವ ನಗದು ಕೂಡಬೇಕು. ಸಾಲ 40 ಕೋಟಿ, ನಗದು 8 ಕೋಟಿ ಇದ್ದರೆ ಮೊದಲ ವರದಿಯಂತೆ ಷೇರುಗಳ ಬೆಲೆ 129.6 ಕೋಟಿ, ತಿದ್ದಿದ ಲೆಕ್ಕದಂತೆ 105.8 ಕೋಟಿ. ಉದ್ಯಮದ ಮೌಲ್ಯ ಇಳಿದದ್ದು ಸುಮಾರು ಶೇ 15, ಷೇರುದಾರರ ಪಾಲು ಇಳಿದದ್ದು ಶೇ 18. ಬ್ಯಾಂಕಿನ 40 ಕೋಟಿ ಎರಡು ಲೆಕ್ಕದಲ್ಲೂ 40 ಕೋಟಿಯೇ.