ಉಳಿದ 4 ಹಳದಿ

ಗೋಡಂಬಿ ಮ್ಯಾಕರೂನ್‌ಗೆ ಬೇಕಾದದ್ದು ಮೊಟ್ಟೆಯ ಬಿಳಿ ಮಾತ್ರ. ಅದಕ್ಕೆ ಒಂದು ತೊಟ್ಟು ಹಳದಿ ಬೆರೆತರೂ ಅದರ ಕೊಬ್ಬಿನಿಂದಾಗಿ ನೊರೆ ಸರಿಯಾಗಿ ಏಳುವುದಿಲ್ಲ. ಮೊಟ್ಟೆಯನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ ಒಡೆಯಿರಿ. ತಣ್ಣಗಿದ್ದಾಗ ಹಳದಿ ಗಟ್ಟಿಯಾಗಿ ನಿಲ್ಲುತ್ತದೆ. ಚಿಪ್ಪಿನ ಚೂಪು ಅಂಚು ತಾಗಿ ಹಳದಿ ಒಡೆಯುವುದುಂಟು, ಹಾಗಾಗಿ ನನಗೆ ಕೈಯೇ ಮೇಲು: ತೊಳೆದ ಅಂಗೈಗೆ ಮೊಟ್ಟೆ ಸುರಿದುಕೊಂಡು, ಬೆರಳ ಸಂದಿಯಿಂದ ಬಿಳಿ ಜಾರಲು ಬಿಡಿ. ಪ್ರತಿಯೊಂದರ ಬಿಳಿಯನ್ನೂ ಮೊದಲು ಚಿಕ್ಕ ಬಟ್ಟಲಿಗೆ ಇಳಿಸಿ, ಆಮೇಲೆ ದೊಡ್ಡದಕ್ಕೆ ಸೇರಿಸಿ. ನಾಲ್ಕನೆಯದು ಕೆಟ್ಟರೂ ಮೊದಲ ಮೂರು ಉಳಿಯುತ್ತವೆ.

ಉಳಿದ 4 ಹಳದಿಗೆ ಕಸ್ಟರ್ಡ್‌ಗಿಂತ ಒಳ್ಳೆಯ ದಾರಿ ಇಲ್ಲ. 4 ದೊಡ್ಡ ಚಮಚ ಸಕ್ಕರೆ ಹಾಕಿ ಚೆನ್ನಾಗಿ ಕಲಕಿ. ಅರ್ಧ ಲೀಟರ್ ಹಾಲನ್ನು ಹಬೆಯಾಡುವಷ್ಟು ಬಿಸಿ ಮಾಡಿ, ತಿರುವುತ್ತಲೇ ಸ್ವಲ್ಪ ಸ್ವಲ್ಪವಾಗಿ ಹಳದಿಗೆ ಹಾಕಿ. ಒಮ್ಮೆಲೇ ಸುರಿದರೆ ಹಳದಿ ಬೆಂದು ಗಂಟುಗಟ್ಟುತ್ತದೆ. ಮತ್ತೆ ಸಣ್ಣ ಉರಿಯಲ್ಲಿಟ್ಟು ಕೈಯಾಡಿಸುತ್ತಿರಿ. ಚಮಚದ ಬೆನ್ನಿಗೆ ಅಂಟಿದ ಪದರದ ಮೇಲೆ ಬೆರಳೆಳೆದರೆ ಗೆರೆ ಹಾಗೇ ನಿಲ್ಲಬೇಕು. ಅಷ್ಟಾದೊಡನೆ ಇಳಿಸಿ, ಏಲಕ್ಕಿ ಪುಡಿ ಹಾಕಿ. ಕುದಿ ಬಂದರೆ ಒಡೆಯಿತೆಂದೇ ಲೆಕ್ಕ.

ಅವತ್ತೇ ಮಾಡಲಾಗದಿದ್ದರೆ ಒಡೆಯದ ಹಳದಿಯ ಮೇಲೆ ತಣ್ಣೀರು ನಿಲ್ಲಿಸಿ, ಮುಚ್ಚಿ ಫ್ರಿಜ್ಜಿನಲ್ಲಿಡಿ. 2 ದಿನದೊಳಗೆ ನೀರು ಬಸಿದು ಬಳಸಿಬಿಡಿ.