ಬಿಲ್ಲಿನಲ್ಲಿ ಬೇರೆಯವರ ಜಿಎಸ್‌ಟಿ ನಂಬರ್ ಬಿದ್ದಾಗ

ಜಿಎಸ್‌ಟಿ ನಂಬರಿನಲ್ಲಿ 15 ಅಕ್ಷರಗಳಿರುತ್ತವೆ. ಮೊದಲ ಎರಡು ರಾಜ್ಯದ ಸಂಕೇತ; ಕರ್ನಾಟಕದ್ದು 29. ನಂತರದ ಹತ್ತು ವ್ಯಾಪಾರಿಯ ಪ್ಯಾನ್. ಕೊನೆಯ ಅಕ್ಷರ ಅದರ ಹಿಂದಿನ ಹದಿನಾಲ್ಕರ ಲೆಕ್ಕದಿಂದ ಹುಟ್ಟುವಂಥದ್ದು. ಹಾಗಾಗಿ ಒಂದಂಕಿ ಹೆಚ್ಚುಕಡಿಮೆಯಾದರೆ ಪೋರ್ಟಲ್ ಸಾಮಾನ್ಯವಾಗಿ ಆ ನಂಬರನ್ನು ತೆಗೆದುಕೊಳ್ಳುವುದೇ ಇಲ್ಲ. ತೊಂದರೆ ಕೊಡುವುದು ಇನ್ನೊಬ್ಬರ ಸರಿಯಾದ ನಂಬರ್. ಬಿಲ್ಲಿಂಗ್ ಸಾಫ್ಟ್‌ವೇರಿನ ಪಟ್ಟಿಯಲ್ಲಿ ಒಂದೇ ಥರದ ಎರಡು ಹೆಸರು ಒಂದರ ಕೆಳಗೊಂದು ಇರುತ್ತವೆ. ಗಡಿಬಿಡಿಯಲ್ಲಿ ಮೇಲಿನದರ ಬದಲು ಕೆಳಗಿನದನ್ನು ಒತ್ತಿದರೆ ಯಾವ ಎಚ್ಚರಿಕೆಯೂ ಬರುವುದಿಲ್ಲ.

ಹುಬ್ಬಳ್ಳಿಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಹೀಗಾಯಿತು ಎಂದುಕೊಳ್ಳೋಣ. 2025ರ ಜೂನ್ 18ರಂದು ಒಂದು ವರ್ಕ್‌ಶಾಪಿಗೆ 1,00,000 ರೂಪಾಯಿಯ ಮಾಲು ಹೋಯಿತು, ಶೇ. 18ರಂತೆ ತೆರಿಗೆ 18,000. ಬಿಲ್ಲಿಗೆ ಅದೇ ಊರಿನ ಬೇರೊಬ್ಬ ಗಿರಾಕಿಯ ನಂಬರ್ ಬಿತ್ತು. ಜುಲೈ 11ರೊಳಗೆ ಅಂಗಡಿಯವರು ಜೂನ್ ತಿಂಗಳ ಜಿಎಸ್‌ಟಿಆರ್-1 ಸಲ್ಲಿಸಿದರು. ಜುಲೈ 14ರಂದು ವರ್ಕ್‌ಶಾಪಿನವರ ಜಿಎಸ್‌ಟಿಆರ್-2ಬಿ ಪಟ್ಟಿ ತಯಾರಾದಾಗ ಅದರಲ್ಲಿ ಈ ಬಿಲ್ಲೇ ಇರಲಿಲ್ಲ.

2022ರ ಜನವರಿಯಿಂದ ಈ ಪಟ್ಟಿಯಲ್ಲಿ ಕಾಣದ ಬಿಲ್ಲಿನ ಮೇಲೆ ಇನ್‌ಪುಟ್ ಕ್ರೆಡಿಟ್ ಪಡೆಯುವಂತಿಲ್ಲ. ಮಾಲು ಬಂದಿರಬಹುದು, ಹಣವೂ ಸಂದಿರಬಹುದು, ಬಿಲ್ಲೂ ಕೈಯಲ್ಲಿರಬಹುದು, ಅಷ್ಟು ಸಾಲದು. ಬಿಲ್ಲಿನಲ್ಲಿ ಕೆಲವು ವಿವರ ಬಿಟ್ಟುಹೋಗಿದ್ದರೂ ಕ್ರೆಡಿಟ್ ಕೊಡಬಹುದೆಂಬ ಸಡಿಲಿಕೆ ನಿಯಮ 36ರಲ್ಲಿದೆ. ಆದರೆ ಇರಲೇಬೇಕಾದ ವಿವರಗಳ ಸಾಲಿನಲ್ಲಿ ಕೊಂಡವರ ನಂಬರೂ ಸೇರಿದೆ. ಪೆನ್ನಿನಲ್ಲಿ ಹೊಡೆದು ಮೇಲೆ ಸರಿಯಾದ ನಂಬರ್ ಬರೆದುಕೊಟ್ಟರೆ ಪೋರ್ಟಲ್ಲಿನ ದಾಖಲೆ ಬದಲಾಗದು.

ತಿದ್ದುವ ದಾರಿ ಮಾರಿದವರ ಕೈಯಲ್ಲೇ ಇದೆ. ಅದೇ ತಿಂಗಳ ತಪ್ಪು ಸರಿಪಡಿಸಲೆಂದು 2024ರಲ್ಲಿ ಬಂದ ಜಿಎಸ್‌ಟಿಆರ್-1ಎ ನಮೂನೆಯನ್ನು ಹಲವರು ಮೊದಲು ನೆನೆಯುತ್ತಾರೆ. ಅದರಲ್ಲಿ ಕೊಂಡವರ ನಂಬರ್ ಬದಲಿಸಲು ಅವಕಾಶವಿಲ್ಲ. ಮುಂದಿನ ತಿಂಗಳ ಜಿಎಸ್‌ಟಿಆರ್-1 ವರೆಗೆ ಕಾಯಲೇಬೇಕು. ಅಂಗಡಿಯವರು ಜುಲೈ ತಿಂಗಳ ರಿಟರ್ನ್ ತೆರೆದು `9A` ಕೋಷ್ಟಕಕ್ಕೆ ಹೋಗಿ, ಹಣಕಾಸು ವರ್ಷ ಮತ್ತು ಹಳೆಯ ಬಿಲ್ ನಂಬರ್ ಕೊಟ್ಟು `Amend Record` ಒತ್ತಿದರು. ಹಳೆಯ ವಿವರವೆಲ್ಲ ಪರದೆಗೆ ಬಂತು. ಕೊಂಡವರ ನಂಬರೊಂದನ್ನು ಬದಲಿಸಿ, ಬಿಲ್ಲಿನ ತಾರೀಖು ಮತ್ತು ಮೊತ್ತವನ್ನು ಇದ್ದಂತೆಯೇ ಬಿಟ್ಟು ಉಳಿಸಿದರು. ಇಬ್ಬರು ಗಿರಾಕಿಗಳೂ 29ರವರಾದ್ದರಿಂದ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ 9,000ದಂತೆಯೇ ಉಳಿದವು. ಅಂಗಡಿಯವರು ಹೆಚ್ಚಿಗೆ ಒಂದು ರೂಪಾಯಿಯನ್ನೂ ಕಟ್ಟಬೇಕಾಗಲಿಲ್ಲ. ಆಗಸ್ಟ್ 14ರ ಪಟ್ಟಿಯಲ್ಲಿ ಬಿಲ್ ಕಾಣಿಸಿತು. ಜುಲೈ ತಿಂಗಳ ಜಿಎಸ್‌ಟಿಆರ್-3ಬಿಯಲ್ಲಿ ವರ್ಕ್‌ಶಾಪಿನವರು 18,000 ರೂಪಾಯಿ ಕ್ರೆಡಿಟ್ ಪಡೆದರು. ಒಂದು ತಿಂಗಳು ತಡವಾಯಿತು, ಹಣ ಮುಳುಗಲಿಲ್ಲ. ನಂಬರ್ ತಿದ್ದಿದ ಬಿಲ್ಲಿನ ಪ್ರತಿಯನ್ನೂ ಗಿರಾಕಿಗೆ ಕೊಡಬೇಕು. ಮುಂದೆ ಲೆಕ್ಕ ತಪಾಸಣೆಗೆ ಬಂದವರು ಕೇಳುವುದು ಅದನ್ನೇ.

ಇದರ ನಡುವೆ ಮೂರನೆಯವರೊಬ್ಬರು ಸಿಕ್ಕಿಕೊಂಡಿರುತ್ತಾರೆ. ಯಾರ ನಂಬರ್ ತಪ್ಪಾಗಿ ಬಿದ್ದಿತ್ತೋ ಅವರ ಪಟ್ಟಿಯಲ್ಲಿ ತಾವು ಕೊಳ್ಳದ ಮಾಲಿನ ಬಿಲ್ ಬಂದಿರುತ್ತದೆ. ಪೋರ್ಟಲ್ಲಿನ ಬಿಲ್ ನಿರ್ವಹಣಾ ಪುಟದಲ್ಲಿ ಅದನ್ನು ತಿರಸ್ಕರಿಸಬಹುದು. ಸುಮ್ಮನಿದ್ದರೆ ಒಪ್ಪಿದಂತೆ ಲೆಕ್ಕವಾಗುತ್ತದೆ, ಆ ಕ್ರೆಡಿಟ್ ಪಡೆದಿದ್ದರೆ ವಾಪಸ್ ತೋರಿಸಬೇಕಾಗುತ್ತದೆ. ಅವರು ತಿರಸ್ಕರಿಸಿದ ಮಾತ್ರಕ್ಕೆ ಬಿಲ್ ನಿಜವಾದ ಗಿರಾಕಿಗೆ ವರ್ಗವಾಗುವುದಿಲ್ಲ. 9ಎ ತಿದ್ದುಪಡಿ ಆಗಲೇಬೇಕು.

ವಾರ್ಷಿಕ ವಹಿವಾಟು 5 ಕೋಟಿ ದಾಟಿ ಇ-ಇನ್‌ವಾಯ್ಸ್ ಮಾಡುವವರಿಗೆ ಇನ್ನೊಂದು ದಾರಿಯೂ ಉಂಟು. 24 ಗಂಟೆಯೊಳಗೆ ತಪ್ಪು ಕಂಡರೆ ಆ ಇ-ಇನ್‌ವಾಯ್ಸನ್ನು ರದ್ದು ಮಾಡಿ ಹೊಸ ಬಿಲ್ ಹಾಕಬಹುದು. ಹಳೆಯ ಬಿಲ್ ನಂಬರ್ ಮತ್ತೆ ಬಳಸುವಂತಿಲ್ಲ. ಗಡುವು ಮೀರಿದರೆ ಅವರಿಗೂ 9ಎ ಕೋಷ್ಟಕವೇ ಗತಿ.

ಎಲ್ಲಕ್ಕೂ ಒಂದು ಕೊನೆಯ ದಿನವಿದೆ. 2025–26ರ ಬಿಲ್ ತಿದ್ದಲೂ ಅದರ ಕ್ರೆಡಿಟ್ ಪಡೆಯಲೂ 2026ರ ನವೆಂಬರ್ 30, ಅಥವಾ ಅದಕ್ಕೂ ಮುಂಚೆ ವಾರ್ಷಿಕ ರಿಟರ್ನ್ ಸಲ್ಲಿಸಿದ್ದರೆ ಆ ದಿನ. ಎಣಿಕೆ ನಡೆಯುವುದು ಬಿಲ್ಲಿನ ವರ್ಷದಿಂದ, ತಿದ್ದಿದ ದಿನದಿಂದಲ್ಲ. ಮಾರಿದವರು ನವೆಂಬರ್ ಕೊನೆಯ ವಾರದಲ್ಲಿ ಎಚ್ಚೆತ್ತರೆ, ಅಕ್ಟೋಬರ್ ತಿಂಗಳ ಜಿಎಸ್‌ಟಿಆರ್-1 ಸಲ್ಲಿಸುವ ದಿನ, ಅಂದರೆ ನವೆಂಬರ್ 11, ಆಗಲೇ ಕಳೆದಿರುತ್ತದೆ. ಆದ್ದರಿಂದ ಪ್ರತಿ ತಿಂಗಳು 14ರ ನಂತರ ಕೊಂಡ ಬಿಲ್ಲುಗಳನ್ನೂ 2ಬಿ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಬೇಕಾದವರು ಕೊಂಡವರೇ. ಬಿಲ್ ಕಾಣದಿದ್ದರೆ ತಮ್ಮ ನಂಬರನ್ನೂ ಬಿಲ್ ನಂಬರನ್ನೂ ತಾರೀಖನ್ನೂ ಬರೆದು ಮಾರಿದವರಿಗೆ ಅದೇ ವಾರ ಕಳಿಸಿದರೆ, ಮುಂದಿನ 11ರೊಳಗೆ ತಿದ್ದಲು ಅವರಿಗೆ ಸಮಯ ಸಿಗುತ್ತದೆ.